ಲೌಂಜ್ ಪ್ರವೇಶ ‘ಉಚಿತ’ವೇ? ಕಾರ್ಡ್ ಉಜ್ಜುವ ಮುನ್ನ ಒಂದು ಲೆಕ್ಕ

ಬೆಂಗಳೂರು: ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಭದ್ರತಾ ತಪಾಸಣೆ ಮುಗಿಸಿ ಒಳಬಂದವರಲ್ಲಿ ಹಲವರು ಮೊದಲು ಹುಡುಕುವುದು ತಮ್ಮ ವಿಮಾನದ ಗೇಟನ್ನಲ್ಲ, ಲೌಂಜನ್ನು. ಬೆಂಗಳೂರಿನ ಹಳೆಯ ಎಸ್‌ಟಿಡಿ ಸಂಖ್ಯೆಯನ್ನೇ ಹೆಸರಾಗಿಸಿಕೊಂಡಿರುವ ‘080 ಲೌಂಜ್’ ಬಾಗಿಲಲ್ಲಿ ಬೆಳಗಿನ ಮತ್ತು ಸಂಜೆಯ ದಟ್ಟಣೆಯ ವೇಳೆ ಸಾಲು ಕಾಣುವುದು ಅಪರೂಪವೇನಲ್ಲ. ಸಾಲಿನಲ್ಲಿ ನಿಂತವರ ಕೈಯಲ್ಲಿರುವುದು ಬಹುಪಾಲು ಕ್ರೆಡಿಟ್ ಕಾರ್ಡ್. ಕೆಲವರ ಕೈಯಲ್ಲಿ ಮಾತ್ರ ಬಿಸಿನೆಸ್ ದರ್ಜೆಯ ಬೋರ್ಡಿಂಗ್ ಪಾಸ್.

ಒಂದು ಕಾಲಕ್ಕೆ ದುಬಾರಿ ಟಿಕೆಟ್ ಕೊಂಡವರಿಗಷ್ಟೇ ಮೀಸಲಾಗಿದ್ದ ಈ ವಿಶ್ರಾಂತಿ ತಾಣ ಕಾರ್ಡುಗಳ ಮೂಲಕ ಮಧ್ಯಮ ವರ್ಗದ ಕೈಗೂ ಎಟುಕಿತು. ಆದರೆ 2023ರಿಂದ ಈಚೆಗೆ ಬ್ಯಾಂಕುಗಳು ಒಂದರ ಹಿಂದೊಂದು ಷರತ್ತು ಹೇರುತ್ತಾ ಬಂದಿವೆ. ಈಗ ‘ಉಚಿತ’ ಎಂಬ ಪದದ ಹಿಂದೆ ಏನಿದೆ ಎಂದು ತಿಳಿಯದೆ ಕಾರ್ಡ್ ಮುಂದೊಡ್ಡಿದವರು ಬಾಗಿಲಿನಿಂದಲೇ ಹಿಂತಿರುಗಬೇಕಾಗಬಹುದು, ತಿಂಗಳ ಬಿಲ್ಲಿನಲ್ಲಿ ಸಾವಿರಾರು ರೂಪಾಯಿ ಕಂಡು ಬೆರಗಾಗಬಹುದು, ಕೆಲವೊಮ್ಮೆ ವಿಮಾನವನ್ನೇ ತಪ್ಪಿಸಿಕೊಳ್ಳಬಹುದು.

ಊಟದ ಹಣ ಯಾರದು?

ಲೌಂಜ್‌ನಲ್ಲಿ ಬಡಿಸುವ ಇಡ್ಲಿ, ಕಾಫಿಗೆ ಯಾರೋ ಒಬ್ಬರು ಹಣ ಕೊಡಲೇಬೇಕು. ಕಾರ್ಡ್ ಮೂಲಕ ಬಂದವರ ಪಾಲಿಗೆ ಆ ‘ಯಾರೋ’ ಎಂದರೆ ಬ್ಯಾಂಕ್ ಅಥವಾ ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂತಹ ಕಾರ್ಡ್ ಜಾಲ. ಪ್ರತಿ ಭೇಟಿಗೆ ಇಷ್ಟು ಎಂದು ಮೊದಲೇ ಮಾಡಿಕೊಂಡ ಒಪ್ಪಂದದ ಪ್ರಕಾರ ಲೌಂಜ್ ನಡೆಸುವವರಿಗೆ ಹಣ ಸಂದಾಯವಾಗುತ್ತದೆ. ಬಹಳ ಸಂದರ್ಭಗಳಲ್ಲಿ ಇವರಿಬ್ಬರ ನಡುವೆ ಒಂದು ಮಧ್ಯವರ್ತಿ ಸಂಸ್ಥೆ ಇರುತ್ತದೆ. ಬಾಗಿಲಲ್ಲಿ ಕಾರ್ಡ್ ಉಜ್ಜಿದಾಗ ಎರಡು ಅಥವಾ ಇಪ್ಪತ್ತೈದು ರೂಪಾಯಿಯಂಥ ಅಲ್ಪ ಮೊತ್ತ ಕಡಿತವಾಗುವುದುಂಟು. ಅದು ಊಟದ ಬೆಲೆಯಲ್ಲ. ಕಾರ್ಡ್ ಅಸಲಿಯೇ, ಚಾಲ್ತಿಯಲ್ಲಿದೆಯೇ, ಈ ಸೌಲಭ್ಯಕ್ಕೆ ಅರ್ಹವೇ ಎಂದು ಯಂತ್ರ ಪರೀಕ್ಷಿಸುವ ಕ್ರಮ.

ಭೇಟಿಗಳ ಸಂಖ್ಯೆ ಹೆಚ್ಚಿದಂತೆಲ್ಲ ಬ್ಯಾಂಕಿನ ಖರ್ಚೂ ಹೆಚ್ಚಿತು. ವರ್ಷಕ್ಕೆ ಎರಡು ಬಾರಿ ಮಾತ್ರ ಕಾರ್ಡ್ ಬಳಸಿ ಆ ಎರಡೂ ಬಾರಿ ಲೌಂಜ್‌ನಲ್ಲೇ ಬಳಸುವ ಗ್ರಾಹಕ ಯಾವ ಬ್ಯಾಂಕಿಗೂ ಲಾಭದವನಲ್ಲ. ಹೀಗಾಗಿ ‘ಖರ್ಚು ಮಾಡಿ, ಆಮೇಲೆ ಲೌಂಜ್‌ಗೆ ಬನ್ನಿ’ ಎಂಬ ನಿಯಮ ಹುಟ್ಟಿತು. ಎಚ್‌ಡಿಎಫ್‌ಸಿ ಬ್ಯಾಂಕ್ 2023ರ ಡಿಸೆಂಬರ್ 1ರಿಂದ ತನ್ನ ರೆಗಾಲಿಯಾ ಹಾಗೂ ಮಿಲೇನಿಯಾ ಕಾರ್ಡುಗಳಿಗೆ ಮೂರು ತಿಂಗಳಲ್ಲಿ 1 ಲಕ್ಷ ರೂಪಾಯಿ ಖರ್ಚಿನ ಷರತ್ತು ವಿಧಿಸಿತು. ಐಸಿಐಸಿಐ ಬ್ಯಾಂಕ್ 2024ರ ಏಪ್ರಿಲ್ 1ರಿಂದ ಹಲವು ಕಾರ್ಡುಗಳಿಗೆ ಹಿಂದಿನ ತ್ರೈಮಾಸಿಕದಲ್ಲಿ 35 ಸಾವಿರ ರೂಪಾಯಿ ಖರ್ಚನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ನವೆಂಬರ್ 15ರಿಂದ ಈ ಮಿತಿಯನ್ನು 75 ಸಾವಿರಕ್ಕೆ ಏರಿಸಿತು. ಒಂದು ಕಾರ್ಡಿನ ನಿಯಮ ಒಂದೇ ವರ್ಷದಲ್ಲಿ ಎರಡು ಬಾರಿ ಬದಲಾಗಬಲ್ಲದು ಎಂಬುದಕ್ಕೆ ಇದೇ ಸಾಕ್ಷಿ. ಕಾರ್ಡ್ ಪಡೆದ ದಿನ ಕೈಗೆ ಬಂದ ಪುಸ್ತಿಕೆಯನ್ನು ನಂಬಿ ಹೊರಡುವ ಕಾಲ ಮುಗಿದಿದೆ.

ಮಧ್ಯವರ್ತಿಗಳ ಒಪ್ಪಂದ ಮುರಿದರೂ ಗ್ರಾಹಕನಿಗೇ ಪೆಟ್ಟು. ದೇಶದ ಕಾರ್ಡ್ ಆಧಾರಿತ ಲೌಂಜ್ ಪ್ರವೇಶದ ಬಹುಪಾಲನ್ನು ನಿರ್ವಹಿಸುತ್ತಿದ್ದ ಡ್ರೀಮ್‌ಫೋಕ್ಸ್ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ದೇಶದೊಳಗಿನ ಲೌಂಜ್ ಸೇವೆಯನ್ನು ನಿಲ್ಲಿಸಿತು. ಕಾರ್ಡ್ ಅದೇ, ಬ್ಯಾಂಕ್ ಅದೇ, ಲೌಂಜ್ ಕೂಡ ಅದೇ. ಆದರೆ ಇವುಗಳನ್ನು ಬೆಸೆದಿದ್ದ ಕೊಂಡಿ ಬದಲಾದರೆ ಪ್ರವೇಶದ ವಿಧಾನವೂ ಬದಲಾಗುತ್ತದೆ. ಹಿಂದಿನ ಪ್ರಯಾಣದಲ್ಲಿ ಒಳಬಿಟ್ಟರು ಎಂಬುದು ಈ ಬಾರಿಯೂ ಬಿಡುತ್ತಾರೆ ಎಂಬುದಕ್ಕೆ ಖಾತರಿಯಲ್ಲ.

ಟಿಕೆಟ್‌ನ ಹಕ್ಕು, ಕಾರ್ಡಿನ ಸವಲತ್ತು

ಟಿಕೆಟ್ ದರ್ಜೆಯ ಮೂಲಕ ಸಿಗುವ ಪ್ರವೇಶಕ್ಕೆ ಈ ತಾಪತ್ರಯಗಳಿಲ್ಲ. ಲೌಂಜ್ ಸೌಲಭ್ಯ ಸೇರಿರುವ ಬಿಸಿನೆಸ್ ದರ್ಜೆಯ ಟಿಕೆಟ್ ಕೊಂಡವರಿಗೆ ಅದರ ಹಣ ದರದಲ್ಲಿಯೇ ಅಡಕವಾಗಿರುತ್ತದೆ. ಬೋರ್ಡಿಂಗ್ ಪಾಸ್ ತೋರಿಸಿದರೆ ಸಾಕು, ಮೂರು ತಿಂಗಳ ಖರ್ಚಿನ ಲೆಕ್ಕ ಯಾರೂ ಕೇಳುವುದಿಲ್ಲ. ಪದೇ ಪದೇ ಹಾರಾಡಿ ಮೇಲ್ದರ್ಜೆಯ ಸದಸ್ಯತ್ವ ಗಳಿಸಿದವರದು ಇನ್ನೊಂದು ದಾರಿ. ಏರ್ ಇಂಡಿಯಾ 2014ರಲ್ಲಿ ಸೇರಿದ ಸ್ಟಾರ್ ಅಲಯನ್ಸ್ ಕೂಟದ ನಿಯಮವನ್ನೇ ನೋಡಬಹುದು. ಕೂಟದ ‘ಗೋಲ್ಡ್’ ಸದಸ್ಯರು ಎಕಾನಮಿ ಟಿಕೆಟ್‌ನಲ್ಲಿ ಹೊರಟಿದ್ದರೂ ಲೌಂಜ್‌ಗೆ ಅರ್ಹರು, ಜೊತೆಗೆ ಒಬ್ಬ ಸಹಪ್ರಯಾಣಿಕರನ್ನೂ ಕರೆದೊಯ್ಯಬಹುದು. ಆದರೆ ಬಿಸಿನೆಸ್ ಟಿಕೆಟ್ ಕೊಂಡ ಸಾಮಾನ್ಯ ಪ್ರಯಾಣಿಕರಿಗೆ ಅತಿಥಿಯನ್ನು ಕರೆತರುವ ಹಕ್ಕಿಲ್ಲ. ಎಕಾನಮಿಯಲ್ಲಿ ಟಿಕೆಟ್ ಮಾಡಿಸಿದ ಕುಟುಂಬದವರು ಜೊತೆಗಿದ್ದರೆ ಇದನ್ನು ಮೊದಲೇ ತಿಳಿದಿರುವುದು ಒಳಿತು.

ಹಾಗೆಂದು ಲೌಂಜ್‌ಗಾಗಿಯೇ ಬಿಸಿನೆಸ್ ದರ್ಜೆಗೆ ಏರುವುದು ಜಾಣತನವಲ್ಲ. ಎರಡು ದರ್ಜೆಗಳ ನಡುವಿನ ಸಾವಿರಾರು ರೂಪಾಯಿ ಅಂತರ ಅಗಲವಾದ ಆಸನಕ್ಕೆ, ಹೆಚ್ಚಿನ ಲಗೇಜಿಗೆ, ಟಿಕೆಟ್ ಬದಲಾವಣೆಯ ಅನುಕೂಲಕ್ಕೆ ಸಲ್ಲುವಂಥದ್ದು. ಅವುಗಳ ಅಗತ್ಯವಿದ್ದವರಿಗೆ ಲೌಂಜ್ ಒಂದು ಕೊಸರು ಅಷ್ಟೆ.

ಒಂದು ಸಂಜೆಯ ಲೆಕ್ಕ

ಕಾರ್ಡ್ ಇದ್ದವರು ಯಾವಾಗ ಲೌಂಜ್ ಬಳಸಬೇಕು ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡಬಹುದು. ಜಯನಗರದ ಒಂದು ಕುಟುಂಬ: ಗಂಡ, ಹೆಂಡತಿ, ಹತ್ತು ವರ್ಷದ ಮಗ. ರಾತ್ರಿ 8 ಗಂಟೆಗೆ ಎರಡನೇ ಟರ್ಮಿನಲ್‌ನಿಂದ ದೆಹಲಿಗೆ ವಿಮಾನ. ಗಂಡನ ಕಾರ್ಡಿನಲ್ಲಿ ಮೂರು ತಿಂಗಳಿಗೆ ಎರಡು ಉಚಿತ ಭೇಟಿಗಳಿವೆ.

ಸಂಜೆ ನಾಲ್ಕೂವರೆಗೆ ಮನೆ ಬಿಟ್ಟ ಇವರು ಹೆಬ್ಬಾಳದ ದಟ್ಟಣೆ ದಾಟಿ 6.15ಕ್ಕೆ ನಿಲ್ದಾಣ ತಲುಪುತ್ತಾರೆ ಎಂದಿಟ್ಟುಕೊಳ್ಳೋಣ. ಇಂಡಿಗೋದಂಥ ವಿಮಾನಯಾನ ಸಂಸ್ಥೆಗಳು ದೇಶೀಯ ಪ್ರಯಾಣಕ್ಕೆ ಹೊರಡುವ ಒಂದು ಗಂಟೆ ಮುಂಚೆ ಚೆಕ್-ಇನ್ ಕೌಂಟರ್ ಮುಚ್ಚುತ್ತವೆ, 25 ನಿಮಿಷ ಮುಂಚೆ ಗೇಟ್ ಮುಚ್ಚುತ್ತವೆ. ಲಗೇಜ್ ಒಪ್ಪಿಸಿ, ಭದ್ರತಾ ತಪಾಸಣೆ ಮುಗಿಸುವ ಹೊತ್ತಿಗೆ 6.55 ಆಗುತ್ತದೆ. 7.35ಕ್ಕೆ ಗೇಟ್ ಮುಚ್ಚುವುದರಿಂದ 7.20ಕ್ಕಾದರೂ ಅಲ್ಲಿ ಇರಬೇಕು. ಉಳಿದದ್ದು 25 ನಿಮಿಷ. ಇದರಲ್ಲಿ ಲೌಂಜ್‌ವರೆಗೆ ನಡೆಯಲು ಐದು ನಿಮಿಷ, ಬಾಗಿಲಿನ ಸಾಲಿನಲ್ಲಿ ಹತ್ತು ನಿಮಿಷ, ಅಲ್ಲಿಂದ ಗೇಟಿಗೆ ಐದು ನಿಮಿಷ ಕಳೆದರೆ ಊಟಕ್ಕೆ ಮಿಗುವುದು ಐದೇ ನಿಮಿಷ. ತಟ್ಟೆ ಹಿಡಿದು ಕೂರಲು ಜಾಗ ಹುಡುಕುವಷ್ಟರಲ್ಲಿ ಅದೂ ಮುಗಿಯುತ್ತದೆ. ಜೊತೆಗೆ, ಈ ಕಡಿದಾದ ಹೊತ್ತಿನಲ್ಲಿ ಒಂದು ಅಪಾಯವೂ ಇದೆ. ದೇಶದ ಅನೇಕ ನಿಲ್ದಾಣಗಳಲ್ಲಿ ಈಗ ಪ್ರತಿ ವಿಮಾನಕ್ಕೂ ಧ್ವನಿವರ್ಧಕದಲ್ಲಿ ಕೂಗಿ ಕರೆಯುವ ಪದ್ಧತಿಯಿಲ್ಲ. ಮೆತ್ತನೆಯ ಸೋಫಾದಲ್ಲಿ ಕುಳಿತವರು ತಾವೇ ಗಡಿಯಾರ ನೋಡಿಕೊಳ್ಳಬೇಕು, ಗೇಟ್ ಬದಲಾಗಿದೆಯೇ ಎಂದು ಪರದೆಯ ಮೇಲೆ ಗಮನಿಸಬೇಕು.

ಅದೇ ಕುಟುಂಬ ಮಳೆಗೆ ಹೆದರಿ ಮೂರು ಗಂಟೆಗೇ ಹೊರಟು 4.40ಕ್ಕೆ ನಿಲ್ದಾಣ ತಲುಪಿದ್ದರೆ ಲೆಕ್ಕ ಬೇರೆ. 5.20ಕ್ಕೆ ತಪಾಸಣೆ ಮುಗಿಯುತ್ತದೆ, ಕೈಯಲ್ಲಿ ಎರಡು ಗಂಟೆ ಮಿಗುತ್ತದೆ. ಹಲವು ಲೌಂಜ್‌ಗಳು ವಿಮಾನ ಹೊರಡುವ ಮೂರು ಗಂಟೆಗಿಂತ ಮೊದಲು ಒಳಬಿಡುವುದಿಲ್ಲ ಹಾಗೂ ಎರಡು-ಮೂರು ಗಂಟೆ ಮಾತ್ರ ಕೂರಲು ಅವಕಾಶ ನೀಡುತ್ತವೆ. ಈ ಎರಡೂ ಮಿತಿಯೊಳಗೆ ಇವರ ಸಮಯ ಹೊಂದುತ್ತದೆ. ಸಂಜೆಯ ತಿಂಡಿಯನ್ನೋ, ಬೇಗನೆಯ ರಾತ್ರಿ ಊಟವನ್ನೋ ಇಲ್ಲಿಯೇ ಮುಗಿಸಬಹುದು, ಫೋನ್ ಚಾರ್ಜ್ ಮಾಡಿಕೊಳ್ಳಬಹುದು.

ಎರಡೂ ಸನ್ನಿವೇಶಗಳ ನಡುವಿನ ವ್ಯತ್ಯಾಸ ಕಾರ್ಡ್ ಅಲ್ಲ, ಸಮಯ. ತಪಾಸಣೆ ಮುಗಿದ ಮೇಲೆ ಗೇಟಿಗೆ ಹೊರಡುವವರೆಗೆ ಕನಿಷ್ಠ ಒಂದು ಗಂಟೆ ಮಿಗುವುದಿದ್ದರೆ, ಅದು ಊಟ-ತಿಂಡಿಯ ಹೊತ್ತೂ ಆಗಿದ್ದರೆ ಲೌಂಜ್ ಉಪಯುಕ್ತ. ಬೇರೆ ಕಾರಣಕ್ಕೆ ಬೇಗ ಬಂದವರಿಗೆ ಅದು ಲಾಭ. ಲೌಂಜ್‌ಗಾಗಿಯೇ ಒಂದೂವರೆ ಗಂಟೆ ಮೊದಲು ಮನೆ ಬಿಡುವವರು ಮುನ್ನೂರು ರೂಪಾಯಿಯ ತಿಂಡಿಗೆ ಅಷ್ಟು ಹೊತ್ತನ್ನು ತೆತ್ತಂತೆ.

ಮೂವರಲ್ಲಿ ಒಬ್ಬರಿಗಷ್ಟೇ ಉಚಿತ

ಈ ಕುಟುಂಬದ ಮುಂದೆ ಇನ್ನೊಂದು ಪ್ರಶ್ನೆಯಿದೆ. ಕಾರ್ಡಿನ ಎರಡು ಭೇಟಿಗಳು ಎಂದರೆ ಇಬ್ಬರಿಗೆ ಪ್ರವೇಶ ಎಂದು ಅನೇಕರು ತಿಳಿಯುತ್ತಾರೆ. ಬಹಳಷ್ಟು ಕಾರ್ಡುಗಳಲ್ಲಿ ಅದು ಕಾರ್ಡುದಾರನಿಗೇ ಎರಡು ಬಾರಿಯ ಪ್ರವೇಶ. ಹೆಂಡತಿ, ಮಗ ಅತಿಥಿಗಳು. ತೀರಾ ಎಳೆಯ ಮಕ್ಕಳಿಗೆ ಲೌಂಜ್‌ಗಳು ವಿನಾಯಿತಿ ಕೊಡುವುದುಂಟು, ಹತ್ತು ವರ್ಷದ ಹುಡುಗನಿಗೆ ಅದು ಅನ್ವಯಿಸುವುದಿಲ್ಲ. ಅತಿಥಿಯೊಬ್ಬರಿಗೆ 1,200 ರೂಪಾಯಿ ಎಂದಿಟ್ಟುಕೊಂಡರೆ ಇಬ್ಬರಿಗೆ 2,400 ರೂಪಾಯಿ. ಇದೇ ಮೂವರು ಹೊರಗಿನ ಉಪಾಹಾರ ಗೃಹದಲ್ಲಿ ತಲಾ 400 ರೂಪಾಯಿಯಂತೆ ತಿಂದರೂ 1,200 ರೂಪಾಯಿಗೆ ಮುಗಿಯುತ್ತದೆ. ಒಬ್ಬರ ‘ಉಚಿತ’ ಊಟಕ್ಕಾಗಿ ಕುಟುಂಬ ದುಪ್ಪಟ್ಟು ತೆತ್ತಂತಾಯಿತು. ಹೆಂಡತಿಯ ಹೆಸರಿನಲ್ಲಿ ಸ್ವಂತ ಕಾರ್ಡ್ ಇದ್ದರೆ, ಅಥವಾ ಆ್ಯಡ್-ಆನ್ ಕಾರ್ಡಿಗೂ ಪ್ರವೇಶವಿದ್ದರೆ ಲೆಕ್ಕ ಬದಲಾಗುತ್ತದೆ. ಆದರೆ ಆ್ಯಡ್-ಆನ್ ಕಾರ್ಡಿನ ಭೇಟಿ ಮೂಲ ಕಾರ್ಡಿನ ಕೋಟಾದಿಂದಲೇ ಕಳೆಯುತ್ತದೆಯೇ ಎಂಬುದನ್ನು ಬ್ಯಾಂಕಿನಿಂದ ಕೇಳಿ ತಿಳಿಯಬೇಕು.

ಬಿಲ್ಲು ಬೆಳೆಯುವ ಇನ್ನೊಂದು ಬಗೆ ಪ್ರಯಾರಿಟಿ ಪಾಸ್. ಇದು ಕೆಲವು ಬ್ಯಾಂಕುಗಳು ಮುಖ್ಯ ಕಾರ್ಡಿನ ಜೊತೆಗೆ, ಸಾಮಾನ್ಯವಾಗಿ ವಿದೇಶಿ ನಿಲ್ದಾಣಗಳ ಬಳಕೆಗೆಂದು ಕೊಡುವ ಪ್ರತ್ಯೇಕ ಸದಸ್ಯತ್ವದ ಕಾರ್ಡ್. ದೇಶದೊಳಗೆ ಉಚಿತ ಪ್ರವೇಶಕ್ಕೆ ಉಜ್ಜಬೇಕಾದದ್ದು ಮುಖ್ಯ ಕ್ರೆಡಿಟ್ ಕಾರ್ಡನ್ನು. ಅದರ ಬದಲು ಪ್ರಯಾರಿಟಿ ಪಾಸ್ ತೋರಿಸಿದರೂ ಹಲವು ಲೌಂಜ್‌ಗಳಲ್ಲಿ ಒಳಬಿಡುತ್ತಾರೆ, ಏಕೆಂದರೆ ಲೌಂಜ್‌ನವರಿಗೆ ತಮ್ಮ ಹಣ ಬರುವುದು ಖಚಿತ. ಉಚಿತ ಭೇಟಿ ಎಷ್ಟು ಉಳಿದಿದೆ ಎಂಬ ಲೆಕ್ಕ ಇರುವುದು ಬ್ಯಾಂಕಿನ ಬಳಿ, ಬಾಗಿಲಿನಲ್ಲಿ ಅಲ್ಲ. ವಾರಗಳ ನಂತರ ಬಿಲ್ಲಿನಲ್ಲಿ ಶುಲ್ಕ ಕಾಣಿಸಿಕೊಳ್ಳುತ್ತದೆ. ಎಚ್‌ಡಿಎಫ್‌ಸಿಯ ರೆಗಾಲಿಯಾ ಗೋಲ್ಡ್ ಕಾರ್ಡಿನ ಷರತ್ತುಗಳಲ್ಲಿ ಇಂಥ ಪ್ರತಿ ಭೇಟಿಗೆ 27 ಡಾಲರ್ ಮತ್ತು ಅದರ ಮೇಲೆ ಜಿಎಸ್‌ಟಿ ಎಂದು ನಮೂದಾಗಿತ್ತು. ರೂಪಾಯಿ ಲೆಕ್ಕದಲ್ಲಿ ಇದು ಎರಡು ಸಾವಿರ ದಾಟುತ್ತದೆ. ಬಾಗಿಲು ತೆರೆಯಿತು ಎಂದ ಮಾತ್ರಕ್ಕೆ ಪ್ರವೇಶ ಉಚಿತವಾಯಿತು ಎಂದಲ್ಲ.

ಖರ್ಚಿನ ಷರತ್ತು: ಯಾವ ಮೂರು ತಿಂಗಳು?

ಖರ್ಚಿನ ಮಿತಿ ತಲುಪಿದೆ ಎಂದು ಭಾವಿಸಿ ಬಂದವರನ್ನೂ ಯಂತ್ರ ತಿರಸ್ಕರಿಸುವುದುಂಟು. ಇದಕ್ಕೆ ಮುಖ್ಯ ಕಾರಣ ತ್ರೈಮಾಸಿಕದ ಗೊಂದಲ. ‘ಹಿಂದಿನ ತ್ರೈಮಾಸಿಕ’ ಎಂಬ ನಿಯಮವಿದ್ದರೆ ಜನವರಿಯಿಂದ ಮಾರ್ಚ್‌ವರೆಗಿನ ಖರ್ಚು ಏಪ್ರಿಲ್‌ನಿಂದ ಜೂನ್‌ವರೆಗಿನ ಭೇಟಿಗೆ ಅರ್ಹತೆ ತರುತ್ತದೆ. ಮೇ ತಿಂಗಳ ರಜೆಯ ಪ್ರವಾಸಕ್ಕೆಂದು ಏಪ್ರಿಲ್‌ನಲ್ಲಿ ಎಷ್ಟೇ ಖರ್ಚು ಮಾಡಿದರೂ ಮೇನಲ್ಲಿ ಅದು ಲೆಕ್ಕಕ್ಕಿಲ್ಲ. ಅದರ ಫಲ ಸಿಗುವುದು ಜುಲೈನಿಂದ. ಮಿತಿ ತಲುಪಿದರೂ ಸಾಲದು, ಬ್ಯಾಂಕ್ ಕಳುಹಿಸುವ ಕೊಂಡಿಯಲ್ಲಿ ವೋಚರನ್ನು ಪಡೆದುಕೊಳ್ಳಬೇಕು ಎಂಬ ಕ್ರಮವೂ ಕೆಲವು ಕಾರ್ಡುಗಳಲ್ಲಿದೆ. ಇನ್ನು ಬಾಡಿಗೆ ಪಾವತಿ, ವ್ಯಾಲೆಟ್‌ಗೆ ಹಣ ತುಂಬುವುದು, ಇಂಧನ ಮುಂತಾದವನ್ನು ಮಿತಿಯ ಲೆಕ್ಕದಿಂದ ಹೊರಗಿಡುವ ಕಾರ್ಡುಗಳಿವೆ. ತಿಂಗಳ ಬಿಲ್ಲಿನ ಒಟ್ಟು ಮೊತ್ತವನ್ನೇ ಅರ್ಹತೆ ಎಂದು ತಿಳಿಯುವಂತಿಲ್ಲ.

ಮಿತಿಗೆ ಸ್ವಲ್ಪ ಕಡಿಮೆ ಬಿದ್ದಾಗ ಹುಟ್ಟುವ ಆಸೆ ಇನ್ನೂ ದುಬಾರಿ. ಮನೆಯ ಸಹಜ ಖರ್ಚು 60 ಸಾವಿರ, ಮಿತಿ 75 ಸಾವಿರ. ಉಳಿದ 15 ಸಾವಿರಕ್ಕೆ ಬೇಡದ ವಸ್ತು ಕೊಂಡರೆ ಸಿಗುವುದು ಸುಮಾರು 400 ರೂಪಾಯಿಯ ಊಟ. ಮುಂದೆ ಹೇಗೂ ಕಟ್ಟಲೇಬೇಕಾದ ವಿಮಾ ಕಂತನ್ನೋ, ಶಾಲಾ ಶುಲ್ಕವನ್ನೋ ಈಗಲೇ ಕಟ್ಟಿ, ಬಿಲ್ಲನ್ನು ಪೂರ್ತಿ ತೀರಿಸುವುದಾದರೆ ಮಾತ್ರ ಅದಕ್ಕೆ ಅರ್ಥವಿದೆ. ಆ ಪಾವತಿ ಮಿತಿಯ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಬೇಕು.

ವಾರ್ಷಿಕ ಶುಲ್ಕಕ್ಕೂ ಇದೇ ಅಳತೆಗೋಲು. 2,500 ರೂಪಾಯಿ ಶುಲ್ಕ ಹಾಗೂ ಶೇ 18ರ ಜಿಎಸ್‌ಟಿ ಸೇರಿ 2,950 ರೂಪಾಯಿ ಆಗುತ್ತದೆ. ಪ್ರತಿ ಭೇಟಿಯಿಂದ ಉಳಿಯುವುದು 400 ರೂಪಾಯಿಯಾದರೆ ಶುಲ್ಕ ಗಿಟ್ಟಲು ವರ್ಷಕ್ಕೆ ಎಂಟು ಭೇಟಿಗಳಾದರೂ ಬೇಕು. ವರ್ಷಕ್ಕೆ ಎರಡು ಬಾರಿ ಊರಿಂದೂರಿಗೆ ಹೋಗಿಬರುವವರಿಗೆ ಸಿಗುವುದು ನಾಲ್ಕೇ ಅವಕಾಶ. ಅದರಲ್ಲಿಯೂ ಸಮಯ ಕೂಡಿಬರುವುದು ಎರಡೋ ಮೂರೋ. ಲೌಂಜ್‌ನ ಮುಖ ನೋಡಿ ಕಾರ್ಡ್ ಪಡೆಯುವುದು ಇಂಥವರಿಗೆ ನಷ್ಟದ ಬಾಬತ್ತು. ಭೇಟಿಯ ಬೆಲೆಯನ್ನು ಲೌಂಜ್‌ನ ದರಪಟ್ಟಿಯಿಂದ ಅಳೆಯದೆ, ಅದು ಇಲ್ಲದಿದ್ದರೆ ನಿಲ್ದಾಣದಲ್ಲಿ ಎಷ್ಟು ಖರ್ಚಾಗುತ್ತಿತ್ತು ಎಂಬುದರಿಂದ ಅಳೆಯಬೇಕು. ಮನೆಯಿಂದ ಬುತ್ತಿ ಕಟ್ಟಿಕೊಂಡು ಬರುವವರ ಪಾಲಿಗೆ ಆ ಬೆಲೆ ಹೆಚ್ಚೆಂದರೆ ಒಂದು ಕಾಫಿ.

ವಿಮಾನ ತಡವಾದಾಗ

ಲೌಂಜ್ ನಿಜಕ್ಕೂ ನೆರವಾಗುವುದು ಕಾಯುವುದು ಅನಿವಾರ್ಯವಾದಾಗ. ನಡುರಾತ್ರಿಯ ಅಂತಾರಾಷ್ಟ್ರೀಯ ಪ್ರಯಾಣ, ಎರಡು ವಿಮಾನಗಳ ನಡುವಿನ ನಾಲ್ಕೈದು ಗಂಟೆ ಬಿಡುವು, ಸ್ನಾನದ ಸೌಲಭ್ಯ ಬೇಕೆನಿಸುವ ದೀರ್ಘ ಯಾನ ಇವೆಲ್ಲ ಆ ಸಾಲಿಗೆ ಸೇರುತ್ತವೆ. ವಿಮಾನ ತಡವಾದಾಗಲೂ ಅಷ್ಟೆ. ಆದರೆ ಅಮೂಲ್ಯವಾದ ಉಚಿತ ಭೇಟಿಯನ್ನು ಬಳಸುವ ಮೊದಲು ಪ್ರಯಾಣಿಕರು ತಮ್ಮ ಹಕ್ಕನ್ನು ನೆನೆಯಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ ಎರಡೂವರೆ ಗಂಟೆವರೆಗಿನ ಹಾರಾಟ ಎರಡು ಗಂಟೆ ತಡವಾದರೆ, ಎರಡೂವರೆಯಿಂದ ಐದು ಗಂಟೆಯ ಹಾರಾಟ ಮೂರು ಗಂಟೆ ತಡವಾದರೆ, ಸಮಯಕ್ಕೆ ಸರಿಯಾಗಿ ಬಂದು ಚೆಕ್-ಇನ್ ಮಾಡಿದವರಿಗೆ ವಿಮಾನಯಾನ ಸಂಸ್ಥೆಯೇ ಊಟ-ಉಪಾಹಾರ ಒದಗಿಸಬೇಕು. ಮಂಗಳೂರು, ಮುಂಬೈ ಯಾನಗಳು ಮೊದಲ ವರ್ಗಕ್ಕೆ, ಬೆಂಗಳೂರು-ದೆಹಲಿ ಯಾನ ಸಾಮಾನ್ಯವಾಗಿ ಎರಡನೆಯದಕ್ಕೆ ಸೇರುತ್ತವೆ. ಲೌಂಜ್ ಒಳಗೆ ಕುಳಿತವರಿಗೆ ಗೇಟಿನ ಬಳಿ ಹಂಚುವ ಊಟದ ಸುದ್ದಿ ತಲುಪದಿರಬಹುದು.

ಹಿಂದಿನ ದಿನವೇ ನೋಡಿ

ಅರ್ಹತೆಯನ್ನು ಪರೀಕ್ಷಿಸಲು ಸರಿಯಾದ ಸ್ಥಳ ಲೌಂಜ್‌ನ ಬಾಗಿಲಲ್ಲ, ಬ್ಯಾಂಕಿನ ಅಧಿಕೃತ ಜಾಲತಾಣ ಅಥವಾ ಆ್ಯಪ್. ಅಲ್ಲಿ ನೋಡಬೇಕಾದದ್ದು ಮೂರು: ಖರ್ಚಿನ ಷರತ್ತು ಈಡೇರಿದೆಯೇ, ಭೇಟಿ ಬಾಕಿ ಇದೆಯೇ, ತಾನು ಹೊರಡುವ ಟರ್ಮಿನಲ್‌ನ ಲೌಂಜ್ ಪಟ್ಟಿಯಲ್ಲಿದೆಯೇ. ಮೂರನೆಯದನ್ನು ಮರೆಯುವವರೇ ಹೆಚ್ಚು. ಬೆಂಗಳೂರಿನ ಎರಡು ಟರ್ಮಿನಲ್‌ಗಳು ಬೇರೆ ಬೇರೆ ಕಟ್ಟಡಗಳು. ಒಂದರಲ್ಲಿ ತಪಾಸಣೆ ಮುಗಿಸಿದವರು ಇನ್ನೊಂದರ ಲೌಂಜ್‌ಗೆ ಹೋಗಲಾಗದು.

ಅವಸರದಲ್ಲಿ ನಿಲ್ದಾಣದಲ್ಲೇ ನಿಂತು ‘ಲೌಂಜ್ ಆ್ಯಪ್’ ಹುಡುಕುವುದು ಅಪಾಯಕಾರಿ. 2024ರಲ್ಲಿ ‘ಲೌಂಜ್ ಪಾಸ್’ ಹೆಸರಿನ ನಕಲಿ ಆ್ಯಪ್ ಅಳವಡಿಸಿಕೊಂಡ ಬೆಂಗಳೂರಿನ ಪ್ರಯಾಣಿಕರೊಬ್ಬರು 87 ಸಾವಿರ ರೂಪಾಯಿ ಕಳೆದುಕೊಂಡ ಪ್ರಕರಣ ಬೆಳಕಿಗೆ ಬಂದಿತ್ತು. ಫೋನಿಗೆ ಬರುವ ಎಸ್‌ಎಂಎಸ್‌ಗಳನ್ನು ಆ ಆ್ಯಪ್ ವಂಚಕರಿಗೆ ರವಾನಿಸುತ್ತಿತ್ತು, ಹೀಗಾಗಿ ಒಟಿಪಿಯೂ ಅವರ ಕೈ ಸೇರುತ್ತಿತ್ತು. ಸುಮಾರು 450 ಮಂದಿ ಇದನ್ನು ಅಳವಡಿಸಿಕೊಂಡಿದ್ದರು, 9 ಲಕ್ಷ ರೂಪಾಯಿಗೂ ಹೆಚ್ಚು ಹಣ ವಂಚಕರ ಪಾಲಾಗಿತ್ತು ಎಂದು ಸೈಬರ್ ಭದ್ರತಾ ಸಂಸ್ಥೆ ಕ್ಲೌಡ್‌ಸೆಕ್ ಆಗ ತಿಳಿಸಿತ್ತು. ಲೌಂಜ್ ಪ್ರವೇಶಕ್ಕೆ ಎಸ್‌ಎಂಎಸ್ ಓದುವ ಅಥವಾ ಫೋನಿನ ಪರದೆ ಹಂಚಿಕೊಳ್ಳುವ ಅನುಮತಿ ಕೇಳಿದರೆ ಅಲ್ಲಿಗೇ ನಿಲ್ಲಿಸುವುದು ಕ್ಷೇಮ. ಅಂಥ ಹೊತ್ತಿನಲ್ಲಿ ಹೊರಗೆ ಒಂದು ಲೋಟ ಕಾಫಿಯನ್ನು ಹಣ ಕೊಟ್ಟು ಕುಡಿಯುವುದೇ ಅಗ್ಗ.